ಚಿತ್ರ ಮುಚ್ಚಿ ಓದಿಸಿದ ಕೋಮಲ

ನಮ್ಮ ಕೋಮಲ ಮೇಡಂ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮಾತು ನಿಲ್ಲಿಸೋದೇ ಕಷ್ಟ. ಯಳಂದೂರು ಪಕ್ಕದ ಹಳ್ಳಿಯವಳು. ತಾಯಿ ಪುಟ್ಟಮಾದಮ್ಮ ಗದ್ದೆ ಕೆಲಸ ಮಾಡಿ ಮಗಳನ್ನು ಡಿ.ಎಡ್ ಓದಿಸಿದರು. ಕೆಲಸ ಸಿಕ್ಕಿದ್ದು ಹನೂರು ತಾಲ್ಲೂಕಿನಲ್ಲಿ, ಹೂಗ್ಯಂ ಕಡೆಯ ಕಾಡಂಚಿನ ಒಂದು ಶಾಲೆಯಲ್ಲಿ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿಕಲಿ ಕೊಠಡಿ ಅವಳದು. ಹಲವು ವರ್ಷ ಪಾಠ ಮಾಡಿದ ಮೇಲೆ ಪರೀಕ್ಷೆ ಬರೆದು ಸಿಆರ್‌ಪಿ ಆದಳು. ಅಂದರೆ ಸುತ್ತಲಿನ ಹತ್ತಾರು ಶಾಲೆಗೆ ಹೋಗಿ, ಮೇಷ್ಟ್ರುಗಳ ಜೊತೆ ಕೂತು, ಪಾಠಕ್ಕೆ ನೆರವಾಗುವ ಕೆಲಸ. ನಾನು ಗುರುಮಲ್ಲಪ್ಪ. ಕೊಳ್ಳೇಗಾಲದ ಶಿಕ್ಷಣ ಇಲಾಖೆಯಲ್ಲಿ ತರಬೇತಿ ನೋಡಿಕೊಳ್ಳುವವನು.

ಎರಡು ವರ್ಷದ ಹಿಂದೆ ಜಿಲ್ಲಾ ಸಭೆಯಲ್ಲಿ ಡಿಡಿಪಿಐ ಸಾಹೇಬರು, ಅಂದರೆ ಜಿಲ್ಲೆಯ ಶಿಕ್ಷಣಾಧಿಕಾರಿಗಳು, ಬೇಸರದಲ್ಲಿದ್ದರು. ಶಾಲೆಯವರು ಮಕ್ಕಳ ಕಲಿಕೆ ತುಂಬುವ ಆ್ಯಪ್‌ನಲ್ಲಿ ನೋಡಿದರೆ ಮೂರನೇ ತರಗತಿಯ ಮಕ್ಕಳೆಲ್ಲ ಓದುತ್ತಾರೆ, ನಾಲ್ಕನೇ ತರಗತಿ ಮೇಷ್ಟ್ರನ್ನು ಕೇಳಿದರೆ ಯಾರೂ ಓದಲ್ಲ ಅಂತಾರೆ. "ಇದಕ್ಕೆ ಏನು ಮಾಡಬೇಕು ಅಂತ ನನಗೊಂದು ಟಿಪ್ಪಣಿ ಬೇಕು. ದಪ್ಪ ವರದಿ ಬೇಡ. ಕಾರಿನಲ್ಲಿ ಕೂತು ಓದಿ ಮುಗಿಸುವಷ್ಟಿರಲಿ. ಓದಿದ ಮೇಲೆ ನಾಳೆ ಬೆಳಿಗ್ಗೆ ನಾನೇನು ಮಾಡಬೇಕು ಅಂತ ಗೊತ್ತಾಗಲಿ" ಅಂದರು. ಆ ಕೆಲಸ ಮೂವರ ಮೇಲೆ ಬಿತ್ತು: ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಸಂಸ್ಥೆಯ ಉಪನ್ಯಾಸಕ ಚನ್ನಬಸವ, ನಾನು, ಕೋಮಲ.

ಮೊದಲು ನಾವು ಬರೆದದ್ದು ಸುಮಾರಾಗಿಯೇ ಇತ್ತು. ತರಬೇತಿ ಹೆಚ್ಚಿಸಬೇಕು, ಖಾಲಿ ಹುದ್ದೆ ತುಂಬಬೇಕು, ಸ್ಮಾರ್ಟ್ ಕ್ಲಾಸ್ ಬೇಕು. ಚನ್ನಬಸವನೇ ಮತ್ತೊಮ್ಮೆ ಓದಿ ನಕ್ಕ. "ಸಾ, ಇದ್ರಲ್ಲಿ ಒಂದೂ ಸಾಹೇಬ್ರ ಕೈಯಲ್ಲಿಲ್ಲ. ಹುದ್ದೆ ತುಂಬೋದು ಬೆಂಗಳೂರಿನವರು. ಅವರ ಒಂದು ಸಹಿಯಿಂದ ಆಗೋದು ಏನು ಅಂತ ಬರೀಬೇಕು."

ಕೋಮಲ ಕಾಗದ ಮಡಿಸಿಟ್ಟಳು. "ಹಂಗಾದ್ರೆ ಮೊದ್ಲು ಮಕ್ಕಳು ಎಲ್ಲಿ ನಿಂತವ್ರೆ ಅಂತ ನೋಡ್ಕಂಡು ಬರೋಣ ಸಾ."

ಚನ್ನಬಸವ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನಲ್ಲಿ ಚೀಟಿ ಎತ್ತಿ ಶಾಲೆ ಆರಿಸಿದ. ಚೆನ್ನಾಗಿರೋ ಶಾಲೆಗಳನ್ನೇ ನೋಡಿ ಬಂದೆವು ಅನ್ನೋ ಮಾತು ಬರಬಾರದು ಅಂತ. ನಾವು ಹಂಚಿಕೊಂಡು ಹೋದೆವು. ಒಂದು ಶಾಲೆಯಲ್ಲಿ ನಾನೂ ಕೋಮಲಳ ಜೊತೆಗಿದ್ದೆ. ಎರಡನೇ ತರಗತಿಯ ಹುಡುಗಿ ಪುಟ ತೆಗೆದು ಗಡಗಡ ಓದಿತು. ನನಗೆ ಖುಷಿಯಾಯಿತು. ಕೋಮಲ ನೋಡುತ್ತಿದ್ದದ್ದು ಅದರ ಬೆರಳನ್ನು. ಬಾಯಿ ಕೊನೆಯ ಸಾಲಿನಲ್ಲಿದ್ದರೆ ಬೆರಳು ಇನ್ನೂ ಎರಡನೇ ಸಾಲಿನಲ್ಲಿತ್ತು. ಅವಳು ಮೆಲ್ಲಗೆ ಅಂಗೈಯಿಂದ ಚಿತ್ರ ಮುಚ್ಚಿ, ನಡುವಿನ ಒಂದು ಪದ ತೋರಿಸಿ, "ಇದೇನು ಕಂದ?" ಅಂದಳು. ಮಗು ಅಂಗೈ ಕೆಳಗಿನ ಚಿತ್ರ ಇಣುಕಲು ನೋಡಿತು. ರ, ಗ, ಸ, ದ ಎಲ್ಲ ಬರುತ್ತಿತ್ತು. ಕೊಂಬು, ಗುಡಿಸು, ದೀರ್ಘ ಸೇರಿದ ಗುಣಿತಾಕ್ಷರ ಬಂದರೆ ಅಲ್ಲೇ ನಿಲ್ಲುತ್ತಿತ್ತು. ಶಾಲೆ ಶಾಲೆಯಲ್ಲೂ ಬಹುಪಾಲು ಮಕ್ಕಳು ನಿಂತದ್ದು ಅದೇ ಜಾಗದಲ್ಲಿ. ಜೊತೆಗೆ ಕೂತ ದೊಡ್ಡ ಮಕ್ಕಳ ದನಿ ಕೇಳಿ ಕೇಳಿ ಪುಟವೇ ಬಾಯಿಪಾಠವಾಗಿತ್ತು.

ಗಡಿಯ ಕಡೆಗೆ ಹೋದರೆ ಇನ್ನೊಂದು ಕತೆ. ದನದ ಚಿತ್ರ ತೋರಿಸಿದರೆ ಒಂದು ಮಗು "ಮಾಡು" ಅಂದಿತಂತೆ. ಹೊಸದಾಗಿ ಬಂದ ಅತಿಥಿ ಶಿಕ್ಷಕಿ, ಏನು ಮಾಡಬೇಕು ಅಂತ ಮಗುವನ್ನೇ ಕೇಳಿದಳಂತೆ. ತಮಿಳಲ್ಲಿ ದನಕ್ಕೆ ಮಾಡು ಅಂತಾರೆ. ಮಗು ಹೇಳಿದ್ದು ಸರಿಯಾಗಿಯೇ ಇತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಆ ಊರಿನ ರಾಣಿ ಅನ್ನುವ ಪಿಯುಸಿ ಓದಿದ ತಾಯಿ ಬಾಗಿಲಲ್ಲಿ ನಿಂತು ಬಿಡಿಸಿ ಹೇಳಿದ ಮೇಲೇ ಪಾಠ ಮುಂದೆ ಹೋಯಿತು.

ಎಲ್ಲ ಕಡೆಯೂ ಒಳಗೆ ಹೋಗುವುದು ಸುಲಭವಾಗಿರಲಿಲ್ಲ. ಇನ್ನೊಂದು ಶಾಲೆಯಲ್ಲಿ ಮುಖ್ಯ ಶಿಕ್ಷಕ ಪ್ರಭುಸ್ವಾಮಿ ಕೋಮಲಳನ್ನು ಕೊಠಡಿ ಬಾಗಿಲಲ್ಲೇ ತಡೆದರು. "ನೋಡಮ್ಮ, ಬೆಳಿಗ್ಗೆ ಪ್ರಾರ್ಥನೆ ಮುಗೀತಿದ್ದಂಗೆ ಯಾವ್ದೋ ಮಾಹಿತಿ ಕೇಳಿ ಫೋನ್ ಬತ್ತದೆ. ನಲಿಕಲಿ ಮೇಡಂನೇ ಕಂಪ್ಯೂಟರ್ ಮುಂದೆ ಕೂರುಸ್ತೀನಿ. ಮಕ್ಕಳು ಓದಲ್ಲ. ನೀನು ನಮ್ ಸ್ಕೂಲ್ ಹೆಸ್ರು ಬರ್ದು ಕೊಟ್ರೆ ನೋಟಿಸ್ ಬರೋದು ಯಾರ್ಗೆ?"

"ಒಂದು ಶಾಲೆ ಹೆಸ್ರೂ ಬರಿಯಲ್ಲ ಸಾ. ನನ್ ಮಾತು" ಅಂದಳು ಕೋಮಲ. ಅವರು ಪಕ್ಕಕ್ಕೆ ಸರಿದರು. ಮಕ್ಕಳು ಓದದೇ ಇರುವ ಕಾರಣದಲ್ಲಿ ಅರ್ಧ ಅವರ ಮಾತಿನಲ್ಲೇ ಸಿಕ್ಕಿತು.

ಟಿಪ್ಪಣಿ ಈ ಸಲ ಕೋಮಲಳ ಕೈಯಲ್ಲೇ ರೂಪಕ್ಕೆ ಬಂತು. ಬೇಡಿಕೆ ಮೂರೇ. ಒಂದು, ನಲಿಕಲಿ ಶಿಕ್ಷಕರನ್ನು ಮಧ್ಯಾಹ್ನದ ಊಟಕ್ಕೆ ಮೊದಲು ಯಾವ ಸಭೆಗೂ, ಮಾಹಿತಿ ಕೆಲಸಕ್ಕೂ ಎಳೆಯಬಾರದು. ಎರಡು, ಪಕ್ಕದ ಶಾಲೆಯ ಶಿಕ್ಷಕರು ಆಗಾಗ ಬಂದು, ಮಗು ನೋಡಿಲ್ಲದ ಸಣ್ಣ ಕತೆ ಕೊಟ್ಟು, ಒಂದೊಂದೇ ಮಗುವನ್ನು ಓದಿಸಿ ಕೇಳಬೇಕು. ಯಾವ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಗುಂಪು ಮಾಡಿ ಕಲಿಸಬೇಕು. ಆ ಫಲಿತಾಂಶ ಕಲಿಸುವುದಕ್ಕೇ ಹೊರತು ನೋಟಿಸಿಗಲ್ಲ. ಮೂರು, ತಮಿಳು ಇಲ್ಲವೇ ಕಾಡಿನ ಸೋಲಿಗರ ಮಾತು ಆಡುವ ಕಡೆ ಮೊದಲ ತಿಂಗಳುಗಳಲ್ಲಿ ಊರಿನ ಒಬ್ಬ ತಾಯಿ ತರಗತಿಯಲ್ಲಿ ಜೊತೆಗಿರಬೇಕು.

ಚಾಮರಾಜನಗರದ ಕಚೇರಿಯಲ್ಲಿ ಸಾಹೇಬರು ನಮ್ಮೆದುರೇ ಓದಿದರು. ಮುಗಿಸಿ ತಲೆಯೆತ್ತಿದರು.

"ಚೆನ್ನಾಗಿದೆ. ತೀರಾ ಹಿಂದಿರುವ ಶಾಲೆಗಳು ಯಾವುವು? ಹೆಸರು ಕೊಡಿ."

ನಾನು ಚನ್ನಬಸವನ ಮುಖ ನೋಡಿದೆ. ಅವನು ನೆಲ ನೋಡಿದ. ಕೋಮಲ ಎದ್ದು ನಿಂತಳು.

"ಸರ್, ಹೆಸರು ಕೊಡಲ್ಲ ಅಂತ ಮಾತು ಕೊಟ್ಟು ಒಳಗೆ ಹೋಗಿದೀನಿ."

"ಕೇಳುತ್ತಿರುವುದು ನಾನಮ್ಮ. ಈ ಜಿಲ್ಲೆಗೆ ಉತ್ತರ ಕೊಡಬೇಕಾದವನು ನಾನು."

"ಗೊತ್ತು ಸರ್. ಇವತ್ತು ಹೆಸರು ಕೊಟ್ಟರೆ ನಾಳೆ ಅಲ್ಲಿಗೆ ನೋಟಿಸ್ ಹೋಗುತ್ತೆ. ನಾಡಿದ್ದು ನಾನು ಹೋದಾಗ ಎಲ್ಲ ಮಕ್ಕಳೂ ಗಡಗಡ ಓದುತ್ತಾರೆ, ಬಾಯಿಪಾಠ. ಆ್ಯಪ್‌ನಲ್ಲಿ ಆಗಲೇ ಆಗಿರುವುದು ಅದೇ ಅಲ್ವಾ ಸರ್? ನಿಜ ಗೊತ್ತಾಗೋ ದಾರಿ ಇದೊಂದೇ ಉಳಿದಿರೋದು. ಇದನ್ನೂ ಮುಚ್ಚೋದು ಬೇಡ."

ಅವಳು ಕೂರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರೂ ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವರೇ.

"ಸರಿ. ಹೆಸರು ಬೇಡ. ಆದರೆ ಮುಂದಿನ ವರ್ಷ ಇದೇ ಶಾಲೆಗಳಿಗೆ ಮತ್ತೆ ಹೋಗಿ, ಹೀಗೇ ಓದಿಸಿ, ಏನಾಯಿತು ಅಂತ ನನಗೆ ತೋರಿಸಬೇಕು. ಒಪ್ಪಿಗೆಯಾ?"

"ಒಪ್ಪಿಗೆ ಸರ್."

ಆ ವಾರವೇ ಸುತ್ತೋಲೆ ಹೊರಟಿತು. ಊಟಕ್ಕೆ ಮೊದಲು ನಲಿಕಲಿ ಶಿಕ್ಷಕರನ್ನು ಕರೆಯುವಂತಿಲ್ಲ. ಕರೆದರೆ ಆ ಅಧಿಕಾರಿಯೇ ಕಾರಣ ಬರೆದು ಕೊಡಬೇಕು. ಪಕ್ಕದ ಶಾಲೆಯ ಶಿಕ್ಷಕರು ಬಂದು ಓದಿಸಿ ಕೇಳುವುದಕ್ಕೂ ಅದರಲ್ಲೇ ಆದೇಶವಿತ್ತು. ಮೂರನೆಯ ಬೇಡಿಕೆ ಪೂರ್ತಿ ಕೈಗೂಡಲಿಲ್ಲ. ಆ ತಾಯಂದಿರಿಗೆ ಗೌರವಧನ ಕೊಡುವ ಅಧಿಕಾರ ತಮಗಿಲ್ಲ ಅಂದ ಸಾಹೇಬರು ರಾಜ್ಯ ಕಚೇರಿಗೆ ಬರೆದರು. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಎಸ್‌ಡಿಎಂಸಿ, ಅಂದರೆ ಊರಿನ ಶಾಲಾ ಸಮಿತಿ, ಒಪ್ಪಿದ ಕೆಲವು ಶಾಲೆಗಳಲ್ಲಿ ರಾಣಿಯಂಥವರು ತಾವಾಗಿ ಬಂದು ಕೂರುತ್ತಿದ್ದಾರೆ. ಇದು ಸಾಲದು ಅಂತ ಕೋಮಲ ಸಭೆ ಸಭೆಯಲ್ಲೂ ಹೇಳುತ್ತಾಳೆ.

ವರ್ಷ ತುಂಬಿದ ಮೇಲೆ ಮತ್ತೆ ಹೋದೆವು. ಎಲ್ಲ ಮಕ್ಕಳೂ ಓದಿದರು ಅಂತ ಸುಳ್ಳು ಹೇಳಲಾರೆ. ಆದರೆ ಪ್ರಭುಸ್ವಾಮಿ ಶಾಲೆಯಲ್ಲಿ, ಎಂದೂ ನೋಡಿರದ ಕತೆಯನ್ನು ಮಕ್ಕಳು ತಡವರಿಸಿ, ನಿಂತು, ಅಕ್ಷರಕ್ಕೆ ಕೊಂಬು ಕೂಡಿಸಿಕೊಂಡು, ಮುಂದಿನ ಪದಕ್ಕೆ ಹೋದರು. ಹಿಂದಿನ ಸಲಕ್ಕಿಂತ ನಿಧಾನ. ಆದರೆ ಬೆರಳೂ ಬಾಯಿಯೂ ಒಂದೇ ಕಡೆ ಇದ್ದವು. ಮೊಲ ಹಳ್ಳಕ್ಕೆ ಬಿದ್ದ ಸಾಲು ಬಂದಾಗ ಒಬ್ಬಳು ಓದುವುದನ್ನೇ ಬಿಟ್ಟು ನಕ್ಕಳು. ಅರ್ಥವಾಗದೆ ನಗು ಬರುವುದಿಲ್ಲವಲ್ಲ! ಪ್ರಭುಸ್ವಾಮಿ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡರು. "ಈಗ ಬೇಕಾದ್ರೆ ನಮ್ ಸ್ಕೂಲ್ ಹೆಸ್ರು ಬರ್ಕೊ ಕಣಮ್ಮ" ಅಂದರು.

ಸಿಆರ್‌ಪಿ ಅವಧಿ ಮುಗಿದಾಗ ಕೋಮಲ ಕೊಳ್ಳೇಗಾಲ ಪೇಟೆಯ ಶಾಲೆ ಕೇಳಬಹುದಿತ್ತು. ಅವಳು ಕೇಳಿದ್ದು ಬಿಳಿಗಿರಿರಂಗನ ಬೆಟ್ಟದ ಕಡೆಯ ಪೋಡಿನ, ಅಂದರೆ ಸೋಲಿಗರ ಹಾಡಿಯ ಶಾಲೆ, ಒಂದನೇ ತರಗತಿ. ಕಳೆದ ತಿಂಗಳು ಅತ್ತ ಹೋಗಿದ್ದೆ. ನೆಲದ ಮೇಲೆ ಮಕ್ಕಳ ನಡುವೆ ಕೂತು, ಸೋಲಿಗರ ಮಾತಿನಲ್ಲಿ ಜೇನಿಗೆ ಏನಂತಾರೆ ಅಂತ ಕೇಳಿ ಕಲಿಯುತ್ತಿದ್ದಳು. ಅವಳು ತಪ್ಪು ಹೇಳಿದಾಗಲೆಲ್ಲ ಮಕ್ಕಳು ಕೂಗಿ ತಿದ್ದುತ್ತಿದ್ದವು. ನಾನು ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.