ವಾಚಿಗೆ ಗೊತ್ತಿದ್ದ ಮಳೆ

ಹೊಲಿಗೆ ಕಾರ್ಖಾನೆಯೊಳಗೆ ಫೋನ್ ಒಯ್ಯುವಂತಿಲ್ಲ, ಗೇಟಿನ ಕಪಾಟಿನಲ್ಲಿ ಇಡಬೇಕು. ಕಾಲರ್ ಹೊಲಿಯುವ ಅಕ್ಕ ತನ್ನದನ್ನು ಯಾವಾಗಲೂ ಸ್ವಿಚ್ ಆಫ್ ಮಾಡಿಯೇ ಇಡುತ್ತಿದ್ದಳು. ಅವತ್ತು ಅವಳ ಕೈಯಲ್ಲಿ ಹೊಸ ಸ್ಮಾರ್ಟ್‌ವಾಚ್ ಇತ್ತು. ಫೋನಿಗೆ ಮೊದಲೇ ಸೇರಿಸಿದ್ದ ಕಾರ್ಖಾನೆಯ ವೈಫೈ ಅದಕ್ಕೂ ಸಿಕ್ಕಿತ್ತು.

"ಇನ್ಮೇಲೆ ಏನೇ ಇದ್ರೂ ಮೆಸೇಜ್ ಹಾಕಿ, ಕೈಯಲ್ಲೇ ನೋಡ್ತೀನಿ," ಎಂದು ಬೆಳಿಗ್ಗೆ ಗಂಡನೆದುರು ಜಂಬ ಕೊಚ್ಚಿ ಬಂದಿದ್ದಳು.

ಮಧ್ಯಾಹ್ನ ವಾಚು ಹೆಜ್ಜೆ ಎಣಿಸಿತು, ಟೈಮರ್ ಹೊಡೆಯಿತು, ಸಂಜೆವರೆಗೂ ಜೋರು ಮಳೆ ಎಂದೂ ತೋರಿಸಿತು. ಮೆಸೇಜು ಮಾತ್ರ ಒಂದೂ ಇಲ್ಲ.

"ಊಟ ಆಯ್ತಾ ಅಂತ ಕೇಳಿದ್ರೆ ಈ ಮನುಷ್ಯನ ಗಂಟೇನು ಹೋಗುತ್ತೆ?" ಅಕ್ಕ ಸಂಜೆಯವರೆಗೂ ಸಿಡಿಮಿಡಿಗುಟ್ಟಿದಳು.

ಕೆಲಸ ಮುಗಿದ ಗಂಟೆ ಹೊಡೆದಾಗ ಪಕ್ಕದ ಮೆಷಿನ್ನಿನವಳು ಕೇಳಿದಳು, "ಫೋನ್ ಆನ್ ಇದೆ ತಾನೆ?"

"ಆಫ್ ಮಾಡಿದೀನಿ. ವೈಫೈ ಇದೆಯಲ್ಲ!"

"ಅಯ್ಯೋ ಅಕ್ಕ! ಹವಾಮಾನ ವಾಚೇ ವೈಫೈಯಲ್ಲಿ ತರಿಸ್ಕೊಳ್ಳುತ್ತೆ. ಮೆಸೇಜ್ ಬರೋದು ಫೋನಿಗೆ. ಅದು ಗೇಟಲ್ಲೇ ಇರ್ಲಿ, ಆನ್ ಆಗಿದ್ದು ನೆಟ್ ಇದ್ರೆ ಸಾಕು, ಇಲ್ಲಿಗೆ ಕಳಿಸುತ್ತೆ."

ಅಕ್ಕ ಗೇಟಿಗೆ ಓಡಿ ಫೋನ್ ಆನ್ ಮಾಡಿದಳು. ಮಣಿಕಟ್ಟಿನ ವಾಚು ಒಂದೇ ಸಮನೆ ನಡುಗಿತು. ಗಂಡನ ಹನ್ನೊಂದು ಮೆಸೇಜು. ಮೊದಲನೆಯದು: "ಬೀಗದ ಕೈ ನಿನ್ ಹತ್ರ ಇದೆಯಾ?" ಕೊನೆಯದು: "ಬಾಗಿಲಲ್ಲೇ ನೆನೀತಾ ಇದೀನಿ."

ಮನೆಯ ಎರಡೂ ಬೀಗದ ಕೈಗಳು ಅವಳ ಚೀಲದಲ್ಲಿದ್ದವು.

"ಮಳೆ ಬರುತ್ತೆ ಅಂತ ಬೊಗಳಿದ್ಯಲ್ಲ," ಎಂದು ಅಕ್ಕ ವಾಚಿಗೇ ಗದರಿದಳು, "ಯಾರ ತಲೆ ಮೇಲೆ ಅಂತ ಹೇಳೋಕೇನಾಗಿತ್ತು?"