ಇಡೀ ಗಂಟು ಕೈಯಲ್ಲಿ ಬೇಕೆಂದ ಅಣ್ಣ

ನನ್ನ ಅಣ್ಣನ ಮೇಲೆ ನನಗೆ ಈಗಲೂ ಸಿಟ್ಟುಂಟು. ವಯಸ್ಸಾಯಿತು, ಬಿಡು ಎಂದು ಎಲ್ಲರೂ ಹೇಳುತ್ತಾರೆ. ಬಿಡುವುದಿಲ್ಲ.

ತಂಗಿಯ ಮಗಳಿಗೆ ಮಣಿಪಾಲದ ಒಂದು ಕಾಲೇಜಿನಲ್ಲಿ ಲ್ಯಾಬ್ ಟೆಕ್ನಾಲಜಿಗೆ ಸೀಟು ಸಿಕ್ಕಿತ್ತು. ನಾಲ್ಕು ವರ್ಷದ ಕೋರ್ಸು, ವರ್ಷಕ್ಕೆ ಒಂದು ಲಕ್ಷದ ಅರವತ್ತೈದು ಸಾವಿರ ಫೀಸು. ನಾಲ್ಕು ವರ್ಷವೂ ಅಷ್ಟೇ, ಹೆಚ್ಚಿಸುವುದಿಲ್ಲ ಎಂದು ಕಾಲೇಜಿನವರು ಬರೆದೇ ಕೊಟ್ಟಿದ್ದರು. ಮರುದಿನ ಸಂಜೆಯೊಳಗೆ ಮೊದಲ ವರ್ಷದ್ದು ಕಟ್ಟದಿದ್ದರೆ ಸೀಟು ಮುಂದಿನವರಿಗೆ. ತಂಗಿ ಫೋನಿನಲ್ಲಿ ಅತ್ತದ್ದು ಕೇಳಿ ಕಾಪುವಿನಿಂದ ಎಲ್ಲೂರಿನ ಅವಳ ಮನೆಗೆ ಓಡಿದೆ. ಹೋಗಿ ನೋಡಿದರೆ ಅಣ್ಣ ಕಾರ್ಕಳದಿಂದ ಬಂದು ಚಾವಡಿಯಲ್ಲಿ ಕೂತು ತೀರ್ಮಾನವನ್ನೇ ಕೊಟ್ಟಾಗಿತ್ತು.

"ಆರು ಲಕ್ಷ ಉಂಟು. ಬೇಕಾದದ್ದು ಆರು ಲಕ್ಷದ ಅರವತ್ತು ಸಾವಿರ. ಇಡೀ ಗಂಟು ಕೈಯಲ್ಲಿಲ್ಲದೆ ನಮ್ಮ ಮನೆಯವರು ಯಾವುದಕ್ಕೂ ಕೈ ಹಾಕಿದ್ದಿಲ್ಲ. ಕಾರ್ಕಳದಲ್ಲಿ ಬಿಎಸ್ಸಿ ಮಾಡಲಿ. ದುಡ್ಡು ಮದುವೆಗಿರಲಿ."

ನಮ್ಮಲ್ಲಿ ಸೋದರಮಾವ ಹೇಳಿದ ಮೇಲೆ ಮುಗಿಯಿತು. ಹುಡುಗಿಯ ಅಪ್ಪ, ನಮ್ಮ ಭಾವ, ಮಸ್ಕತ್ತಿನಲ್ಲಿ ದುಡಿದು ದುಡ್ಡು ಕಳಿಸಬಹುದು, ಮಾತು ಮಾವನದ್ದೇ. ಭಾವ ಫೋನಿನಲ್ಲಿ "ಅವರು ಹೇಳಿದ ಹಾಗೆ" ಎಂದುಬಿಟ್ಟಿದ್ದರಂತೆ. ಹುಡುಗಿ ಬಾಗಿಲ ಹತ್ತಿರ ಕಾಲೇಜಿನ ಪತ್ರ ಹಿಡಿದುಕೊಂಡು ನಿಂತಿದ್ದಳು.

ಆ ಆರು ಲಕ್ಷದ ಕತೆಯೂ ಹೇಳಬೇಕು. ಅವಳಿಗೆ ಮೂರು ವರ್ಷವಾದಾಗ ಅಣ್ಣ ಒಬ್ಬ ವಿಮೆ ಏಜೆಂಟನನ್ನು ಕರೆತಂದಿದ್ದರು. ಮಕ್ಕಳ ವಿದ್ಯಾಭ್ಯಾಸದ ಪ್ಲ್ಯಾನ್. ವರ್ಷ ವರ್ಷ ಮೂವತ್ತು ಸಾವಿರ, ಹದಿನೈದು ವರ್ಷ. ಕಟ್ಟುವುದು ನಾಲ್ಕೂವರೆ ಲಕ್ಷ, ಕೊನೆಗೆ ಸಿಗುವುದು ಆರು ಲಕ್ಷ. "ಒಂದೂವರೆ ಲಕ್ಷ ಲಾಭ!" ಎಂದು ಅಣ್ಣ ತೊಡೆ ತಟ್ಟಿದರು. ಲಾಭವಂತೆ, ಮಣ್ಣು! ಭಾವನ ಜೀವಕ್ಕೇನಾದರೂ ಆದರೆ ವಿಮೆಯ ದುಡ್ಡು ಬರುತ್ತಿತ್ತು, ಆ ಮಾತು ನಿಜ. ಆದರೆ ಉಳಿತಾಯವೆಂದು ನೋಡಿದರೆ ಅದು ವರ್ಷಕ್ಕೆ ಶೇಕಡಾ ಮೂರೂವರೆ ಬಡ್ಡಿ ಬಿದ್ದ ಹಾಗೆ, ಅಷ್ಟೆ. ಮೂವತ್ತು ವರ್ಷ ಬ್ಯಾಂಕಿನ ಡಿಪಾಸಿಟ್ ಕೌಂಟರಿನಲ್ಲಿ ಕೂತ ನಾನು ಮನೆಯಲ್ಲೇ ಇದ್ದೆ, ಕೇಳಿದರಾ? ಹಿತ್ತಲ ಗಿಡ ಮದ್ದಲ್ಲ ನೋಡಿ. ಏಜೆಂಟನಿಗೆ ಕಾಫಿ ತಂದಿಟ್ಟವಳು ನಾನೇ.

ಈ ಸಲ ಮಂಡೆ ಬಿಸಿಯಾಯಿತು.

"ಅಣ್ಣ, ಫೀಸು ನಾಲ್ಕು ವರ್ಷದ್ದು ನಾಳೆಯೇ ಕಟ್ಟಲಿಕ್ಕುಂಟಾ?"

"ಇವತ್ತಲ್ಲದಿದ್ದರೆ ನಾಳೆ, ಕಟ್ಟಬೇಕಲ್ಲ?"

"ನಾಡಿದ್ದು ಕಟ್ಟುವ ದುಡ್ಡು ನಾಡಿದ್ದಿನವರೆಗೆ ಎಂತ ಮಾಡುತ್ತದೆ? ಪೆಟ್ಟಿಗೆಯಲ್ಲಿ ನಿದ್ದೆ ಮಾಡುತ್ತದಾ?"

ನನ್ನ ಸ್ವರ ಏರಿದ್ದಕ್ಕೆ ತಂಗಿ ಹೆದರಿ ನನ್ನ ಸೆರಗು ಎಳೆದಳು. ನಾನು ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಬರೆದೆ. ಆರು ಲಕ್ಷದಲ್ಲಿ ನಾಳೆಯ ಫೀಸು ಹೋದರೆ ಉಳಿಯುವುದು ನಾಲ್ಕು ಲಕ್ಷದ ಮೂವತ್ತೈದು ಸಾವಿರ. ಬ್ಯಾಂಕಿನಲ್ಲಿ ಈಗ ಶೇಕಡಾ ಏಳು. ಮುಂದಿನ ವರ್ಷದ ಫೀಸಿಗೆ ಇವತ್ತು ಪೂರ್ತಿ ಇಡುವುದು ಬೇಡ, 1,54,206 ಇಟ್ಟರೆ ವರ್ಷಕ್ಕೆ 1,65,000 ಆಗುತ್ತದೆ. ಅದರ ಮುಂದಿನ ವರ್ಷಕ್ಕೆ ಎರಡು ವರ್ಷ ಬಡ್ಡಿ ಕೂಡುವುದರಿಂದ 1,44,118 ಸಾಕು. ಕೊನೆಯ ವರ್ಷಕ್ಕೆ ಮೂರು ವರ್ಷ ಸಿಗುತ್ತದೆ, 1,34,690. ಮೂರು ಡಿಪಾಸಿಟ್, ನಾಳೆಯೇ ಇಟ್ಟರೆ ಬಡ್ಡಿ ದರ ಮುಂದೆ ಬದಲಾಗದ ಹಾಗೆ ಕಟ್ಟಿಹಾಕಬಹುದು. ಕೂಡಿಸಿದೆ. ನಾಲ್ಕು ಲಕ್ಷದ ಮೂವತ್ತಮೂರು ಸಾವಿರದ ಹದಿನಾಲ್ಕು ರೂಪಾಯಿ.

"ಇನ್ನೂ ಎರಡು ಸಾವಿರದಷ್ಟು ಉಳಿಯುತ್ತದೆ. ಅವಳಿಗೆ ಒಂದು ಒಳ್ಳೆ ಬ್ಯಾಗ್ ತೆಗೆದುಕೊಡಿ."

ಅಣ್ಣ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆ ಅರವತ್ತು ಸಾವಿರ ಎಲ್ಲಿಂದ ಬಂತು?"

"ಬಡ್ಡಿಯಿಂದ!"

"ಬಡ್ಡಿ ನಂಬಿಕೊಂಡು ಹುಡುಗಿಯ ಭವಿಷ್ಯ..."

"ಹದಿನೈದು ವರ್ಷ ಏಜೆಂಟನನ್ನು ನಂಬಿದಿರಲ್ಲ! ಅವನೂ ಬಡ್ಡಿಯದ್ದೇ ದುಡ್ಡು ಕೊಟ್ಟದ್ದು, ಅರ್ಧ ತಾನು ತಿಂದು. ಇಡೀ ಗಂಟು, ಇಡೀ ಗಂಟು ಅಂತ ಮರ್ಯಾದೆಯ ಮಾತು ಹೇಳುತ್ತೀರಿ, ನಾಳೆ ಸೀಟು ಹೋದರೆ ಆ ಗಂಟನ್ನು ತಲೆ ಅಡಿಗೆ ಇಟ್ಟು ಮಲಗಿ! ಅವಳು ಓದಿದ್ದು ಮಾವನ ಜಂಬಕ್ಕಲ್ಲ."

ಅಣ್ಣನಿಗೆ ನಾನು ಹಾಗೆ ಮಾತಾಡಿದ್ದು ಆಯುಷ್ಯದಲ್ಲಿ ಅದೇ ಮೊದಲು. ಅವರ ಮುಖ ಕೆಂಪಾಯಿತು. ನಾನು ಪೆನ್ನು ಕೆಳಗಿಡಲಿಲ್ಲ. ಒಂದೊಂದು ಡಿಪಾಸಿಟಿಗೂ ಗುಣಾಕಾರ ಮಾಡಿ ತೋರಿಸಿದೆ. ಅವರೇ ತಮ್ಮ ಫೋನಿನಲ್ಲಿ ಒತ್ತಿ ನೋಡಿದರು, ಒಂದು ಸಲ ಅಲ್ಲ, ಮೂರು ಸಲ. ಕೊನೆಗೆ, "ನಿನಗೆ ಇಷ್ಟು ಗೊತ್ತಿದ್ದರೆ ನೀನೇ ನೋಡಿಕೋ ಮಾರಾಯ್ತಿ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಊಟಕ್ಕೂ ನಿಲ್ಲಲಿಲ್ಲ. ತಂಗಿ, "ಹೀಗೆಲ್ಲ ಹೇಳಬಾರದಿತ್ತು ಅಕ್ಕ" ಎಂದು ನನ್ನನ್ನೇ ಬೈದಳು. ಅವಳ ಮೇಲೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಬ್ಯಾಂಕು ತೆರೆದ ಕೂಡಲೇ ತಂಗಿಯಿಂದ ಸಹಿ ಹಾಕಿಸಿ ಮೂರು ಡಿಪಾಸಿಟ್ ಮಾಡಿಸಿದೆ. ನಾನು, ಹುಡುಗಿ ಪಡುಬಿದ್ರಿಯಲ್ಲಿ ಬಸ್ ಹತ್ತಿ, ಉಡುಪಿಯಲ್ಲಿ ಇನ್ನೊಂದು ಬಸ್ ಹಿಡಿದು, ಮಣಿಪಾಲಕ್ಕೆ ಹೋಗಿ ಹನ್ನೆರಡೂವರೆಗೆ ಫೀಸು ಕಟ್ಟಿದೆವು. ರಶೀದಿ ಕೈಗೆ ಬಂದಾಗ ನನಗೆ ಯುದ್ಧ ಗೆದ್ದಷ್ಟು ಜಂಬ. ಹೋಟೆಲಿನಲ್ಲಿ ಕೂತು ಎರಡು ಮಸಾಲೆ ದೋಸೆ ಹೇಳಿದೆ. ಬಾಯಿ ತುಂಬ ಅಣ್ಣನನ್ನು ಬೈಯುತ್ತಲೇ ಇದ್ದೆ.

ಹುಡುಗಿ ದೋಸೆ ಮುಟ್ಟದೆ ಫೋನಿನಲ್ಲಿ ಏನೋ ಒತ್ತುತ್ತಿದ್ದಳು.

"ದೊಡ್ಡಮ್ಮ, ಆ ಮೂವತ್ತು ಸಾವಿರವನ್ನು ವರ್ಷ ವರ್ಷ ಬ್ಯಾಂಕಿನಲ್ಲೇ ಇಟ್ಟಿದ್ದರೆ? ಶೇಕಡಾ ಏಳು ಅಂತ ಹಿಡಿದೆ. ಮೊದಲನೆಯ ಕಂತು ಹದಿನೈದು ವರ್ಷ ಬೆಳೆದು ಎಂಬತ್ತೆರಡು ಸಾವಿರ ದಾಟುತ್ತದೆ. ಕೊನೆಯದು ಒಂದೇ ವರ್ಷ, ಮೂವತ್ತೆರಡು ಸಾವಿರದ ನೂರು. ಎಲ್ಲ ಸೇರಿದರೆ ಎಂಟು ಲಕ್ಷದ ಆರು ಸಾವಿರ. ಸರಿಯಾ?"

"ಸರಿ" ಎಂದೆ. ಆಗ ಬಡ್ಡಿ ಅದಕ್ಕಿಂತಲೂ ಹೆಚ್ಚಿತ್ತು ಎಂದು ಹೇಳಲಿಲ್ಲ.

"ನನಗೆ ಕಣ್ಣಿನ ತಪಾಸಣೆಯ ಕೋರ್ಸಿನಲ್ಲೂ ಸೀಟು ಸಿಕ್ಕಿತ್ತು. ಅದೇ ಬೇಕಿತ್ತು ನನಗೆ. ವರ್ಷಕ್ಕೆ ಎರಡು ಲಕ್ಷದ ಇಪ್ಪತ್ತು ಸಾವಿರ. ಆರು ಲಕ್ಷಕ್ಕೆ ಆಗುವುದಿಲ್ಲ ಅಂತ ಮನೆಯಲ್ಲಿ ಹೇಳಲೇ ಇಲ್ಲ. ಈಗ ನೀವು ನಿನ್ನೆ ಮಾಡಿದ ಹಾಗೆಯೇ ಹಿಂದಕ್ಕೆ ಲೆಕ್ಕ ಹಾಕಿದೆ. ನಾಲ್ಕು ವರ್ಷದ್ದೂ ಇವತ್ತಿಗೆ ಏಳು ಲಕ್ಷದ ತೊಂಬತ್ತೇಳು ಸಾವಿರ. ಎಂಟು ಲಕ್ಷದ ಆರು ಸಾವಿರ ಇದ್ದರೆ ಸಾಕಾಗುತ್ತಿತ್ತು."

ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಯಲ್ಲೇ ಇಟ್ಟೆ.

"ಏಜೆಂಟ್ ಬಂದಾಗ ನೀವು ಅಲ್ಲೇ ಇದ್ದಿರಿ ಅಂತ ಅಮ್ಮ ಹೇಳಿದರು. ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು. ಅಣ್ಣನ ಎದುರು ಹೇಗೆ ಮಾತಾಡುವುದು ಅಂತ ಸುಮ್ಮನಾದೆ ಮಗಾ."

ಅವಳಿಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ರಶೀದಿಯನ್ನು ಮಡಚಿ ಒಳಗಿಡುತ್ತಾ ಮೆಲ್ಲಗೆ ಹೇಳಿದಳು.

"ನಿನ್ನೆ ಮಾವನ ಎದುರು ಮಾತಾಡಿದಿರಲ್ಲ ದೊಡ್ಡಮ್ಮ. ಏನೂ ಆಗಲಿಲ್ಲ."