ಕಳ್ಳನಿಗೇ ಕೇಳಿ ಕಳಿಸಿದ ನಾಲ್ಕು ಲಕ್ಷ

ಮೊಬೈಲು ಬಂದಿದ್ದರೂ, ಮೇಲ್ ನೋಡಲು ಮಾತ್ರ ಇನ್ನೂ ಸ್ಟೇಶನ್ ಬಜಾರದ ಇಂಟರ್‌ನೆಟ್ ಅಂಗಡಿಗೆ ಹೋಗುತ್ತಿದ್ದ ಕಾಲ. ಕಲಬುರಗಿಯ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಆಫೀಸಿನಲ್ಲಿ ನಾವು ಮೂವರೇ: ಮಿಲ್ಲಿನ ಮಾಲೀಕರಾದ ಸಾವಕಾರರು, ಲೆಕ್ಕ ನೋಡುವ ವಯಸ್ಸಾದ ಮುನೀಮರು, ನಾನು. ಯಾವ ಪಾವತಿಗೂ ಮೂರು ಸಹಿ ಬೇಕೇ ಬೇಕು. ಅದರ ಬಗ್ಗೆ ಸಾವಕಾರರಿಗೆ ಭಾರೀ ಹೆಮ್ಮೆ.

ಬಣ್ಣ ನೋಡಿ ಬೇಳೆ ಆರಿಸುವ ಯಂತ್ರವೊಂದನ್ನು ಕೊಯಮತ್ತೂರಿನ ಕಂಪನಿಗೆ ಆರ್ಡರ್ ಹೇಳಿದ್ದೆವು. ಮುಂಗಡ ಕಳಿಸುವ ವಾರ ಅವರ ಮೇಲ್ ಬಂತು: ಆಡಿಟ್ ನಡೆದಿದೆ, ಹಳೆ ಖಾತೆ ಬಂದ್, ಹೊಸ ಖಾತೆಯ ಬಿಲ್ಲು ಜೊತೆಗಿದೆ, ಬೇಗ ಹಾಕಿರಿ. ನಾನೇನು ದಡ್ಡಿಯಲ್ಲ. ಅದೇ ಮೇಲಿಗೆ ಉತ್ತರ ಬರೆದು ಕೇಳಿದೆ: ಇದು ನಿಜವಾಗಿಯೂ ನೀವು ಕಳಿಸಿದ್ದೇ? ಅರ್ಧ ತಾಸಿನಲ್ಲಿ ಉತ್ತರ: ಹೌದು ಮೇಡಂ, ನಿಮ್ಮ ಎಚ್ಚರಕ್ಕೆ ಧನ್ಯವಾದ.

ಆ ಉತ್ತರವನ್ನು ಪ್ರಿಂಟ್ ತೆಗೆಸಿ, ಮಿಲ್ಲಿನ ಸಿಕ್ಕಾ, ಅಂದರೆ ರಬ್ಬರ್ ಮೊಹರು, ಹೊಡೆದು ಫೈಲಿಗೆ ಹಾಕಿದೆವು. ನಾನು ಸಹಿ ಮಾಡಿದೆ, ಮುನೀಮರು ನೋಡುತ್ತಾರೆ ಎಂದು. ಮುನೀಮರು ಮಾಡಿದರು, ನಾನು ನೋಡಿದ್ದೇನೆ ಎಂದು. ಸಾವಕಾರರು ಎರಡು ಸಹಿ ಕಂಡು ಮೂರನೆಯದನ್ನು ಹಾಕಿದರು. ಬ್ಯಾಂಕಿನಿಂದ ನಾಲ್ಕು ಲಕ್ಷ ಹೋಯಿತು.

ಹತ್ತು ದಿನಕ್ಕೆ ಕಂಪನಿಯ ಫೋನು: ಮುಂಗಡ ಎಲ್ಲಿ? ಅವರ ಇ-ಮೇಲಿನ ಪಾಸ್‌ವರ್ಡ್ ಯಾರದೋ ಕೈಗೆ ಸಿಕ್ಕು, ಆತ ಒಳಗೇ ಕೂತು ನಮ್ಮ ಪತ್ರಗಳನ್ನೆಲ್ಲ ಓದುತ್ತಿದ್ದನಂತೆ. ನನ್ನ ಪ್ರಶ್ನೆ ಅವನಿಗೇ ಹೋಗಿತ್ತು, ಉತ್ತರ ಅವನೇ ಕೊಟ್ಟಿದ್ದ. ಓಡಿ ಬ್ಯಾಂಕಿಗೆ ಹೋದರೆ, ಆ ಖಾತೆ ಅದಾಗಲೇ ಖಾಲಿ.

ಪೊಲೀಸ್ ಠಾಣೆಯಲ್ಲಿ ಹವಾಲ್ದಾರರು ಪೆನ್ನು ಹಿಡಿದು, "ಕಳ್ಳ ಬಾಗಿಲಿಂದ ಬಂದಾನೋ ಕಿಡಕಿಯಿಂದೋ?" ಎಂದು ಕೇಳಿದರು. ಇ-ಮೇಲಿನಿಂದ ಎಂದೆ. "ಅದು ಯಾವ ಓಣಿಯಾಗ ಬರ್ತದ?" ಎಂದರು. ಆರೋಪಿಯ ವಿಳಾಸದ ಜಾಗದಲ್ಲಿ ನಾನು ಇ-ಮೇಲ್ ವಿಳಾಸ ಹೇಳಿದೆ, ಅವರು ಬರೆದುಕೊಂಡರು. ಸಾವಕಾರರು ಬೇರೆ ನಡುವೆ ಬಾಯಿ ಹಾಕಿ, "ತಾನೇ ಖರೇ ಅಂತ ಬರದು ಕೊಟ್ಟಾನ್ರೀ!" ಎಂದು ನಮ್ಮ ಸಿಕ್ಕಾ ಹೊಡೆದ ಪ್ರಿಂಟು ತೋರಿಸಿದರು.

ಹೊರಗೆ ಬಂದ ಮೇಲೆ ಸಾವಕಾರರು ನನಗೆ ಹೇಳಿದರು, "ತಿಂಗಳ ಕೊನಿಗೆ ರೊಕ್ಕ ಸಿಗಲಿಲ್ಲಂದ್ರ ನೀ ಬ್ಯಾರೆ ಕಡೆ ಕೆಲಸ ನೋಡ್ಕೋವಾ." ಸಿಟ್ಟು ನೆತ್ತಿಗೇರಿತು. ಮೂರು ಸಹಿಯಲ್ಲಿ ತಪ್ಪು ಮಾತ್ರ ಒಂದರದ್ದೇ? ಆದರೆ ಮನೆ ನನ್ನ ಪಗಾರದ ಮೇಲೆ ನಡೆಯುತ್ತಿತ್ತು. ಮರುದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದೆ.

ಇನ್ನು ಇ-ಮೇಲಿನ ಸಹವಾಸವೇ ಬೇಡ, ಕಾಗದ ಬಂದರಷ್ಟೇ ಪಾವತಿ ಎಂದು ಅಪ್ಪಣೆಯಾಯಿತು. ಆ ವಾರವೇ ಕೊರಿಯರಿನಲ್ಲಿ ದಪ್ಪ ಕಾಗದದ ಬಿಲ್ಲೊಂದು ಬಂತು: ಕಮಲಾಪುರದ ನಿಮ್ಮ ಗೋದಾಮಿಗೆ ಕೊಯಮತ್ತೂರು ಕಂಪನಿಯ ಪರವಾಗಿ ಯಂತ್ರದ ಬೆಲ್ಟು ಇಳಿಸಿದ್ದೇವೆ, ಹಣ ಕಳಿಸಿರಿ. ನೀಲಿ ಸಿಕ್ಕಾ ನೋಡಿ ಸಾವಕಾರರಿಗೆ ಸಂತೋಷವೋ ಸಂತೋಷ. "ಇದು ನೋಡ್ರಿ ಖರೇ ಬಿಲ್ಲು," ಎಂದು ತಾವೇ ಮೊದಲು ಸಹಿ ಮಾಡಿ ಕೊಟ್ಟರು.

ಮುನೀಮರು ಅದನ್ನು ಹಿಡಿದು ನನ್ನ ಮೇಜಿಗೆ ಬಂದು, ದನಿ ಇಳಿಸಿದರು. "ತಂಗಿ, ಇದರಾಗ ಏನದ ಕನ್ನಡದಾಗ ಓದಿ ಹೇಳು. ನನಗ ಇಂಗ್ಲಿಷ್ ಬರಲ್ಲ. ಮೋಡಿ ಲಿಪಿ ಓದ್ತೀನಿ, ಉರ್ದು ಓದ್ತೀನಿ. ಇಷ್ಟು ವರ್ಷ ಸಹಿ ಹಂಗೇ ಮಾಡೀನಿ."

ಬಿಲ್ಲು ತೆಗೆದುಕೊಂಡೆ. ಸಾಲು ಸಾಲಾಗಿ ಓದಿದೆ. ಕೇಳಿ ಅವರೆಂದರು, "ಈ ಮಾಲು ನಾವು ಹೇಳೀವೇನು? ಬಂದದೇನು?" ಆರ್ಡರ್ ಪುಸ್ತಕದಲ್ಲಿ ಬೆಲ್ಟಿನ ಸುದ್ದಿಯೇ ಇಲ್ಲ. ಕಮಲಾಪುರಕ್ಕೆ ಫೋನು ಮಾಡಿದರೆ ಗೋದಾಮು ಕಾಯುವ ಚಾಚಾ ನಕ್ಕರು: "ಇಲ್ಲಿ ಇಲಿ ಬಿಟ್ರ ಯಾರೂ ಬಂದಿಲ್ಲವ್ವಾ. ಮಾಲು ಇಳದಿದ್ರ ನನ್ನ ಚೀಟಿ ಇರ್ತಿತ್ತಲ್ಲ!" ಬಿಲ್ಲಿನ ಮೇಲಿನ ನಂಬರಿಗೆ ನಾನು ಕೈ ಹಚ್ಚಲಿಲ್ಲ. ಆರ್ಡರ್ ಕೊಟ್ಟ ದಿನ ಬರೆದಿಟ್ಟಿದ್ದ ನಂಬರಿಗೆ, ಕೊಯಮತ್ತೂರಿಗೆ ಮಾಡಿದೆ. ಅವರು ಅಂಥ ಬೆಲ್ಟನ್ನೇ ಮಾರುವುದಿಲ್ಲ, ಬಿಲ್ಲಿನ ಮೇಲಿನ ಹೆಸರನ್ನೂ ಕೇಳಿಲ್ಲ.

ಇಬ್ಬರೂ ಸಾವಕಾರರ ಮುಂದೆ ನಿಂತು, ಈ ಬಿಲ್ಲೂ ಸುಳ್ಳು ಎಂದೆವು. ಇನ್ನು ಮುಂದೆ ಆರ್ಡರು, ಗೋದಾಮಿನ ಚೀಟಿ, ಬಿಲ್ಲು, ಮೂರೂ ಹೊಂದಬೇಕು. ಖಾತೆ ಬದಲಾದರೆ ನಮ್ಮಲ್ಲಿರುವ ಹಳೆ ನಂಬರಿಗೇ ಫೋನು. ಪಾವತಿ ಕೇಳುವವರೊಬ್ಬರು, ಹಣ ಬಿಡುವವರು ಇನ್ನೊಬ್ಬರು, ಯಾರೂ ತಾವೇ ಓದಿ ನೋಡದೆ ಸಹಿ ಹಾಕುವಂತಿಲ್ಲ. ಇದನ್ನೆಲ್ಲ ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಮುನೀಮರು ಮಾತ್ರ ಬೇರೆಯದೇ ಹೇಳಿದರು.

"ಇಕಿಗಿ ಕೆಲಸದಿಂದ ತಗೀಬ್ಯಾಡ್ರಿ ಸಾವಕಾರ್ರ. ಆ ಇ-ಮೇಲಿನ ಕಾಗದ ನಾ ಓದೇ ಇಲ್ಲ. ನನಗ ಇಂಗ್ಲಿಷ್ ಬರಲ್ಲ. ತಗಿಯೋದಿದ್ರ ನನಗ ತಗೀರಿ."

ಸಾವಕಾರರು ಎದ್ದು ಹೋಗಿ, ಹೊರಗೆ ಕೇಳದಂತೆ ಬಾಗಿಲು ಮುಚ್ಚಿದರು.

"ಕುಂದರ್ರಿ ಮುನೀಮ್‌ಜಿ," ಎಂದರು. "ನನಗೂ ಬರಲ್ಲ."